ಹತ್ತು ಸಾಲು ಬರೆಯುವ ಮಕ್ಕಳಿಗೆ ಒಂದು ಪ್ಯಾರಾ ಬರೆಯುವುದನ್ನು ಕಲಿಸುವುದು ಹೇಗೆ?

ಪ್ರಶ್ನೆ: ನಾನು ಶಿಡ್ಲಘಟ್ಟ ತಾಲ್ಲೂಕಿನ ಒಂದು ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ನಾಲ್ಕನೇ ತರಗತಿಗೆ ಕನ್ನಡ ತೆಗೆದುಕೊಳ್ಳುತ್ತೇನೆ. 20 ಮಕ್ಕಳಿದ್ದಾರೆ. ಅರ್ಧದಷ್ಟು ಮಕ್ಕಳು ಮನೆಯಲ್ಲಿ ತೆಲುಗು ಮಾತಾಡುತ್ತಾರೆ. ಮುಖ್ಯ ವಾಕ್ಯ, ಅದಕ್ಕೆ ಪೋಷಕ ವಾಕ್ಯ, ಕೊನೆಗೆ ಮುಕ್ತಾಯದ ವಾಕ್ಯ ಅಂತ ವಿವರಿಸಿ, 'ರೇಷ್ಮೆ ಹುಳು' ಬಗ್ಗೆ ಒಂದು ಪ್ಯಾರಾ ಬರೆಯಿರಿ ಎಂದೆ. ಎಲ್ಲರೂ ಒಂದೇ ಥರ ಬರೆದರು. 'ರೇಷ್ಮೆ ಹುಳು ಒಂದು ಕೀಟ. ರೇಷ್ಮೆ ಹುಳು ಸೊಪ್ಪು ತಿನ್ನುತ್ತದೆ. ರೇಷ್ಮೆ ಹುಳು ಬಿಳಿ ಬಣ್ಣ ಇರುತ್ತದೆ. ರೇಷ್ಮೆ ಹುಳುವಿನಿಂದ ಸೀರೆ ಮಾಡುತ್ತಾರೆ.' ಒಂದು, ಎರಡು ಅಂತ ನಂಬರ್ ಬೇರೆ ಹಾಕಿದ್ದಾರೆ. ಈ ಪಾಠವನ್ನು ಹೇಗೆ ಯೋಜಿಸಬೇಕು? ನೋಟ್‌ಬುಕ್ ತಿದ್ದುವುದು ಹೇಗೆ?

ಉತ್ತರ:

ಮೇಡಂ, ಮಕ್ಕಳು ಬರೆದ ಆ ಸಾಲುಗಳಲ್ಲಿ ಒಂದೂ ಸುಳ್ಳಲ್ಲ. ಆದರೆ ಯಾವ ಸಾಲನ್ನು ಎಲ್ಲಿಗೆ ಬೇಕಾದರೂ ಎತ್ತಿ ಇಡಬಹುದು. ನಾಲ್ಕನೆಯದನ್ನು ಎರಡನೆಯದು ಮಾಡಿ, ಏನೂ ಕೆಡುವುದಿಲ್ಲ. ಒಂದು ಸಾಲು ಅಳಿಸಿಬಿಡಿ, ಓದುವವರಿಗೆ ಗೊತ್ತೇ ಆಗುವುದಿಲ್ಲ. ಬರೆದದ್ದು ಪ್ಯಾರಾ ಆಗಿದೆಯೋ ಇಲ್ಲವೋ ಎಂದು ನೋಡಲು ಇಷ್ಟು ಪರೀಕ್ಷೆ ಸಾಕು. ಇಲ್ಲಿ ಸಾಲುಗಳು ಒಂದನ್ನೊಂದು ಹಿಡಿದುಕೊಂಡಿಲ್ಲ. ಯಾಕೆಂದರೆ ಹಿಡಿದುಕೊಳ್ಳುವಂಥದ್ದು ಮೊದಲ ಸಾಲಿನಲ್ಲಿ ಏನೂ ಇಲ್ಲ. 'ರೇಷ್ಮೆ ಹುಳು ಒಂದು ಕೀಟ' ಅಂದರೆ ಮಾತು ಅಲ್ಲಿಗೇ ಮುಗಿಯಿತು. ಮುಂದೆ ಏನು ಬರೆಯಬೇಕು ಎಂದು ಆ ಸಾಲು ಹೇಳುವುದಿಲ್ಲ. ಆಗ ಮಗು ಏನು ಮಾಡುತ್ತದೆ? ಗೊತ್ತಿರುವುದನ್ನೆಲ್ಲ ಪಟ್ಟಿ ಮಾಡುತ್ತದೆ.

ಇನ್ನೊಂದು ಮಾತು. ಈ ಮಕ್ಕಳು ಮೂರನೇ ತರಗತಿವರೆಗೆ ನಲಿಕಲಿಯಲ್ಲಿ ಇದ್ದವರು. ಗುಂಪಿನಲ್ಲಿ ಕೂತು, ಕಾರ್ಡು ತೆಗೆದು, ಪದ ಮತ್ತು ಸಣ್ಣ ವಾಕ್ಯ ಬರೆದು ಬಂದಿದ್ದಾರೆ. ಪೂರ್ತಿ ಪಠ್ಯಪುಸ್ತಕ ಹಿಡಿದು ಪಾಠ ಕೇಳುವುದು ನಾಲ್ಕರಲ್ಲೇ ಮೊದಲು. ಹಾಗಾಗಿ ವಾಕ್ಯದ ಪಕ್ಕ ವಾಕ್ಯ ಇಟ್ಟು ಒಂದು ವಿಷಯವನ್ನು ನಾಲ್ಕಾರು ಸಾಲು ಎಳೆದುಕೊಂಡು ಹೋಗುವುದು ಅವರಿಗೆ ಹೊಸ ಕೆಲಸ. ಅದನ್ನು ಒಂದು ಪೀರಿಯಡ್‌ನಲ್ಲಿ ವಿವರಿಸಿ, ಮನೆಗೆ ಬರೆಯಲು ಕೊಟ್ಟರೆ ಆಗುವುದಿಲ್ಲ. 40 ನಿಮಿಷದ ನಾಲ್ಕು ಪೀರಿಯಡ್ ಇಟ್ಟುಕೊಳ್ಳಿ, ಸಾಧ್ಯವಾದರೆ ಒಂದೇ ವಾರದಲ್ಲಿ, ದಿನ ಬಿಡದೆ. ಮೊದಲ ದಿನ ಪೂರ್ತಿ ಮೊದಲ ಸಾಲಿಗೇ ಹೋಗಲಿ. ಎರಡನೇ ದಿನ ವಿವರಗಳು. ಮೂರನೇ ದಿನ ಎಲ್ಲರೂ ಸೇರಿ ಬೋರ್ಡಿನ ಮೇಲೆ ಒಂದು ಪ್ಯಾರಾ ಕಟ್ಟಿ ಮುಗಿಸುವುದು. ನಾಲ್ಕನೇ ದಿನ ಒಬ್ಬೊಬ್ಬರೇ ಬರೆಯುವುದು. ಮಗು ಒಂಟಿಯಾಗಿ ಪ್ಯಾರಾ ಬರೆಯಲು ಪೆನ್ಸಿಲ್ ಹಿಡಿಯುವುದು ನಾಲ್ಕನೇ ದಿನವೇ. ಅದಕ್ಕಿಂತ ಮುಂಚೆ ಹಿಡಿಸಬೇಡಿ.

ಮೊದಲ ದಿನ ಮುಖ್ಯ ವಾಕ್ಯ, ಪೋಷಕ ವಾಕ್ಯ ಅನ್ನುವ ಹೆಸರುಗಳು ಬೇಡವೇ ಬೇಡ. 'ಮೊದಲ ಸಾಲು' ಅಂದರೆ ಸಾಕು. ಹೆಸರನ್ನು ನಾಲ್ಕನೇ ದಿನ, ಕೆಲಸ ಆದ ಮೇಲೆ ಹೇಳಿದರೂ ನಡೆಯುತ್ತದೆ. ಅಂತರ್ಜಾಲದಲ್ಲಿ ಇದಕ್ಕೆ ಬರ್ಗರ್ ಚಿತ್ರದ ವರ್ಕ್‌ಶೀಟ್‌ಗಳು ಬೇಕಾದಷ್ಟು ಸಿಗುತ್ತವೆ. ಮೇಲೆ ಬನ್ನು, ಮಧ್ಯೆ ತರಕಾರಿ, ಕೆಳಗೆ ಬನ್ನು. ಅದನ್ನು ಪ್ರಿಂಟ್ ತೆಗೆಯಲು ಹೋಗಬೇಡಿ. ಮಕ್ಕಳು ಬಣ್ಣ ಹಚ್ಚುವುದರಲ್ಲೇ ಪೀರಿಯಡ್ ಮುಗಿಯುತ್ತದೆ.

ವಿಷಯ ರೇಷ್ಮೆ ಹುಳುವೇ ಇರಲಿ. ಒಳ್ಳೆಯ ವಿಷಯ ಅದು, ಸ್ವಲ್ಪ ಕಿರಿದು ಮಾಡಬೇಕು ಅಷ್ಟೇ. 'ರೇಷ್ಮೆ ಹುಳುವಿನ ಬಗ್ಗೆ ಹೇಳಿ' ಅಂದರೆ ಮಕ್ಕಳು ಪುಸ್ತಕದ ಮಾತು ಹೇಳುತ್ತಾರೆ. 'ನಾಲ್ಕನೇ ಜ್ವರ ಎದ್ದ ಮೇಲೆ ನಿಮ್ಮ ಮನೆಯಲ್ಲಿ ಏನೇನು ನಡೆಯುತ್ತೆ?' ಅಂತ ಕೇಳಿ ನೋಡಿ. ನಿಮ್ಮ ಊರಿನ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹುಳು ನಾಲ್ಕು ಸಲ ಜ್ವರಕ್ಕೆ ಕೂತು ಪೊರೆ ಬಿಡುತ್ತದೆ. ನಾಲ್ಕನೆಯದು ಎದ್ದ ಮೇಲೆ ಸುಮಾರು ಒಂದು ವಾರ ಅದರ ಹಸಿವಿಗೆ ಕೊನೆ ಇಲ್ಲ. ಒಂದು ಬೆಳೆಗೆ ಬೇಕಾದ ಸೊಪ್ಪಿನಲ್ಲಿ ದೊಡ್ಡ ಪಾಲು ಆ ವಾರದಲ್ಲೇ ಖರ್ಚಾಗುತ್ತದೆ. ಮನೆಯವರೆಲ್ಲ ಓಡಾಡುವ ದಿನಗಳು ಅವು. ಮಕ್ಕಳು ಅದನ್ನು ಕಣ್ಣಾರೆ ನೋಡಿದ್ದಾರೆ.

ಈ ಮಾತುಕತೆಗೆ 15 ನಿಮಿಷ ಕೊಡಿ. ತೆಲುಗಿನಲ್ಲಿ ಹೇಳುವವರು ತೆಲುಗಿನಲ್ಲೇ ಹೇಳಲಿ. ಒಬ್ಬ ಹುಡುಗ 'ಅಮ್ಮ ರಾತ್ರಿ ಕೂಡಾ ಆಕು ವೇಸ್ತುಂದಿ' ಅಂದರೆ ನೀವು 'ಅಮ್ಮ ರಾತ್ರಿಯೂ ಸೊಪ್ಪು ಹಾಕುತ್ತಾರೆ' ಎಂದು ಬೋರ್ಡಿನ ಮೂಲೆಯಲ್ಲಿ ಬರೆಯಿರಿ. ಅವನ ಮಾತು ಕನ್ನಡದಲ್ಲಿ ಕಣ್ಣ ಮುಂದೆ ಬಂತು. ಆಮೇಲೆ ಬರೆಯುವಾಗ ಅದೇ ಸಾಲನ್ನು ಎತ್ತಿಕೊಳ್ಳುತ್ತಾನೆ. ಮಾತಾಡುವಾಗಲೇ 'ಕನ್ನಡದಲ್ಲಿ ಹೇಳು' ಎಂದು ತಡೆದರೆ, ಅವನಿಗೆ ಗೊತ್ತಿರುವ ವಿವರ ಹೊರಗೇ ಬರುವುದಿಲ್ಲ. ಸುಲಭದ ಕನ್ನಡ ವಾಕ್ಯ ಯಾವುದಿದೆಯೋ ಅದನ್ನು ಹೇಳಿ ಕೂರುತ್ತಾನೆ. 'ರೇಷ್ಮೆ ಹುಳು ಬಿಳಿ ಬಣ್ಣ ಇರುತ್ತದೆ' ಅನ್ನುವಂಥ ಸಾಲುಗಳು ಬರುವುದು ಎಷ್ಟೋ ಸಲ ಹೀಗೆಯೇ.

ಈಗ ಬೋರ್ಡಿನ ಮೇಲೆ ಮೂರು ಸಾಲು ಬರೆಯಿರಿ.

ರೇಷ್ಮೆ ಹುಳು ಒಂದು ಕೀಟ.

ರೇಷ್ಮೆಯಿಂದ ತುಂಬಾ ಉಪಯೋಗ ಇದೆ.

ನಾಲ್ಕನೇ ಜ್ವರ ಎದ್ದ ಮೇಲೆ ನಮ್ಮ ಮನೆಯಲ್ಲಿ ಯಾರಿಗೂ ಪುರುಸೊತ್ತು ಇರುವುದಿಲ್ಲ.

ಒಂದೊಂದನ್ನೂ ಗಟ್ಟಿಯಾಗಿ ಓದಿ. ಓದಿದ ಕೂಡಲೇ ತರಗತಿ ಒಟ್ಟಿಗೆ 'ಹೇಗೆ?' ಅಥವಾ 'ಯಾಕೆ?' ಎಂದು ಕೇಳಬೇಕು. ಆಟದ ನಿಯಮ ಇಷ್ಟೇ. ಮೊದಲ ಸಾಲಿಗೆ 'ಹೇಗೆ?' ಅಂದರೆ ಉತ್ತರ ಹುಟ್ಟುವುದಿಲ್ಲ. 'ಕೀಟ ಅಂದರೆ ಕೀಟ ಮಿಸ್' ಎಂದು ಯಾರಾದರೂ ನಗುತ್ತಾರೆ. ಎರಡನೆಯದಕ್ಕೆ ಉತ್ತರ ಬರುತ್ತದೆ, ಆದರೆ ಎಲ್ಲರದ್ದೂ ಒಂದೇ ಉತ್ತರ: ಸೀರೆ ಆಗುತ್ತೆ, ದುಡ್ಡು ಬರುತ್ತೆ. ಅದು ಮೂರು ಸಾಲಿಗೆ ತೀರಿಹೋಗುತ್ತದೆ. ಮೂರನೆಯದಕ್ಕೆ 'ಯಾಕೆ?' ಅಂದಾಗ ಐದಾರು ಕೈ ಮೇಲೇಳುತ್ತವೆ, ಒಬ್ಬೊಬ್ಬರ ಮನೆಯದ್ದು ಒಂದೊಂದು ಥರ. ಮಕ್ಕಳೇ ಆರಿಸಲಿ, ಯಾವ ಸಾಲಿನಿಂದ ಜಾಸ್ತಿ ಮಾತು ಹುಟ್ಟಿತು ಎಂದು.

ಇಲ್ಲಿ ಒಂದು ತೊಡಕು ಬರಬಹುದು. ಕೆಲವು ಮಕ್ಕಳು ಮೊದಲ ಸಾಲಿನಲ್ಲೇ ಎಲ್ಲ ಹೇಳಿಬಿಡುತ್ತಾರೆ. 'ನಾಲ್ಕನೇ ಜ್ವರ ಎದ್ದ ಮೇಲೆ ಅಪ್ಪ ಸೊಪ್ಪು ತರುತ್ತಾರೆ, ಅಮ್ಮ ಹಾಕುತ್ತಾರೆ, ನಾನು ತಂಗಿಯನ್ನು ನೋಡಿಕೊಳ್ಳುತ್ತೇನೆ.' ಸಾಲು ಚೆನ್ನಾಗಿದೆ, ಆದರೆ ಆಮೇಲೆ ಹೇಳಲು ಏನೂ ಉಳಿಯಲಿಲ್ಲ. ಆ ಮಗುವಿಗೆ ಕೇಳಿ, 'ಇದನ್ನೆಲ್ಲ ನೋಡಿದರೆ ಒಟ್ಟಿನಲ್ಲಿ ಏನು ಅನ್ನಿಸುತ್ತೆ?' 'ಎಲ್ಲರಿಗೂ ಕೆಲಸ ಮಿಸ್' ಎಂದರೆ, ಅದೇ ಅವನ ಮೊದಲ ಸಾಲು. ಉಳಿದದ್ದು ಕೆಳಗೆ ಇಳಿಯಲಿ. ಮುಖ್ಯ ವಾಕ್ಯ ಯಾವಾಗಲೂ ಮೊದಲೇ ಹುಟ್ಟಬೇಕೆಂದಿಲ್ಲ. ಎಷ್ಟೋ ಮಕ್ಕಳಿಗೆ ವಿವರದಿಂದ ಮೇಲಕ್ಕೆ ಹೋಗುವುದೇ ಸುಲಭ.

ಮೊದಲ ದಿನದ ಕೊನೆಯ ಹತ್ತು ನಿಮಿಷ ಪ್ರತಿ ಮಗುವೂ ತನ್ನ ಮೊದಲ ಸಾಲನ್ನು ಬಾಯಲ್ಲಿ ಹೇಳಲಿ, ಪಕ್ಕದವರು 'ಹೇಗೆ?' ಅಥವಾ 'ಯಾಕೆ?' ಎಂದು ಕೇಳಲಿ. ಉತ್ತರ ಎರಡಾದರೂ ಬಂದರೆ ಆ ಸಾಲು ಪಾಸು. ಮನೆಯಲ್ಲಿ ಹುಳು ಸಾಕದ ಮಕ್ಕಳೂ ಇರುತ್ತಾರೆ ಅಲ್ವಾ? ಅವರನ್ನು ಬೇರೆಯವರ ಹುಳು ಮನೆಯ ಬಗ್ಗೆ ಬರೆಯಲು ಕೂರಿಸಬೇಡಿ. ಬಿಸಿಯೂಟ ಎಲ್ಲರಿಗೂ ಗೊತ್ತು. 'ಬಿಸಿಯೂಟದ ಬೆಲ್ ಹೊಡೆದರೆ ನಮ್ಮ ಶಾಲೆಯೇ ಬೇರೆ ಥರ ಆಗುತ್ತದೆ' ಅನ್ನುವ ಸಾಲಿಗೂ 'ಹೇಗೆ?' ಎಂದು ಕೇಳಬಹುದು. ಕೂಲಿಗೆ ಹೋಗುವವರ ಮಗುವಿಗೆ ಟೊಮೆಟೊ ಕೀಳುವ ದಿನ, ಹಸು ಇರುವವರ ಮನೆಯಲ್ಲಿ ಡೇರಿಗೆ ಹಾಲು ಹಾಕುವ ಹೊತ್ತು, ಯಾವುದಾದರೂ ಸರಿ.

ಎರಡನೇ ದಿನ ಚೀಟಿಗಳ ಕೆಲಸ. ಕಾರ್ಡಿನಲ್ಲಿ ಕಲಿತು ಬಂದ ಮಕ್ಕಳಿಗೆ ಇದು ಕೈಗೆ ಒಗ್ಗಿದ ಕೆಲಸ. ಹಿಂದಿನ ದಿನ ಮಕ್ಕಳೇ ಹೇಳಿದ ಮಾತುಗಳನ್ನು ಹಳೆಯ ಹಾಳೆಯ ಪಟ್ಟಿಗಳ ಮೇಲೆ ದೊಡ್ಡದಾಗಿ ಬರೆದುಕೊಂಡು ಬನ್ನಿ, ಒಂದು ಪಟ್ಟಿಗೆ ಒಂದೇ ಸಾಲು. ನಾಲ್ಕೈದು ಮಕ್ಕಳ ಗುಂಪಿಗೆ ಒಂದು ಸೆಟ್, ಒಂದು ಸೆಟ್‌ನಲ್ಲಿ ಎಂಟು ಚೀಟಿ. ಮೊದಲ ಸಾಲನ್ನು ಬೋರ್ಡಿನ ಮೇಲೆ ಬರೆದಿರಿ. ನಿಮ್ಮ ಎಂಟು ಚೀಟಿ ಹೀಗಿರಬಹುದು:

ಅಪ್ಪ ಬೆಳಗಾಗುವ ಮೊದಲೇ ತೋಟಕ್ಕೆ ಹೋಗಿ ಸೊಪ್ಪು ಕಡಿಯುತ್ತಾರೆ.

ಅಮ್ಮ ಮತ್ತು ದೊಡ್ಡಮ್ಮ ರಾತ್ರಿಯೂ ಎದ್ದು ಸೊಪ್ಪು ಹಾಕುತ್ತಾರೆ.

ರೇಷ್ಮೆ ಹುಳುವಿಗೆ ನಾಲ್ಕು ಸಲ ಜ್ವರ ಬರುತ್ತದೆ.

ನಾನು ಸ್ಕೂಲಿನಿಂದ ಬಂದ ಮೇಲೆ ತಂಗಿಯನ್ನು ನೋಡಿಕೊಳ್ಳುತ್ತೇನೆ.

ಅಡುಗೆಗೆ ಸಮಯ ಸಿಗದೆ ರಾತ್ರಿ ಬರೀ ಅನ್ನ ಸಾರು.

ನಮ್ಮ ಮಾವ ಶಿಡ್ಲಘಟ್ಟದ ಗೂಡಿನ ಮಾರ್ಕೆಟ್ ಹತ್ತಿರ ಇದ್ದಾರೆ.

ಹುಳು ಸೊಪ್ಪು ತಿನ್ನುವಾಗ ಮಳೆ ಬಂದ ಹಾಗೆ ಸದ್ದು ಕೇಳುತ್ತದೆ.

ಅಜ್ಜಿಗೆ ಮಂಡಿ ನೋವು.

ಗುಂಪಿನ ಕೆಲಸ ಏನೆಂದರೆ, 'ಯಾಕೆ ಪುರುಸೊತ್ತಿಲ್ಲ?' ಅನ್ನುವ ಪ್ರಶ್ನೆಗೆ ಉತ್ತರ ಕೊಡುವ ಚೀಟಿಗಳನ್ನು ಒಂದು ಕಡೆ, ಕೊಡದವನ್ನು ಇನ್ನೊಂದು ಕಡೆ ಇಡುವುದು. ಅಪ್ಪ, ಅಮ್ಮ, ನಾನು, ಅನ್ನ ಸಾರು, ಈ ನಾಲ್ಕು ಸುಲಭವಾಗಿ ಒಳಗೆ ಬರುತ್ತವೆ. ಜಗಳ ಶುರುವಾಗುವುದು ಉಳಿದ ನಾಲ್ಕರ ಬಗ್ಗೆ. ಆ ಜಗಳವೇ ನಿಮ್ಮ ಪಾಠ.

'ನಾಲ್ಕು ಸಲ ಜ್ವರ ಬರುತ್ತದೆ' ಅನ್ನುವ ಚೀಟಿಯನ್ನು ಮಕ್ಕಳು ಬಿಡಲು ಒಪ್ಪುವುದಿಲ್ಲ. 'ನಿಜ ಮಿಸ್, ನಾಲ್ಕೇ ಸಲ ಬರೋದು' ಎಂದು ವಾದಿಸುತ್ತಾರೆ. ನಿಜ ಆದ ಮೇಲೆ ಬಿಡುವುದು ಯಾಕೆ ಅನ್ನುವುದು ಅವರ ಲೆಕ್ಕ. ಅವರಿಗೆ ಬೋರ್ಡಿನ ಸಾಲನ್ನು ತೋರಿಸಿ ಕೇಳಿ, 'ನಾಲ್ಕು ಸಲ ಜ್ವರ ಬರುವುದರಿಂದ ನಿಮ್ಮ ಅಮ್ಮನಿಗೆ ಪುರುಸೊತ್ತಿಲ್ಲವಾ?' ಆಗ ಅವರಿಗೆ ಹೊಳೆಯುತ್ತದೆ, ಮಾತು ಸುಳ್ಳಲ್ಲ, ಈ ಪ್ಯಾರಾಕ್ಕೆ ಬೇಡ ಅಷ್ಟೇ. ಹೊರಗಿಟ್ಟ ಚೀಟಿಯನ್ನು ಹರಿಯಬೇಡಿ. 'ಇದು ಇನ್ನೊಂದು ಪ್ಯಾರಾಕ್ಕೆ' ಎಂದು ಬೋರ್ಡಿನ ಪಕ್ಕದ ಗೋಡೆಗೆ ಅಂಟಿಸಿ. ಹುಳು ಹೇಗೆ ಬೆಳೆಯುತ್ತದೆ ಎಂದು ಮುಂದಿನ ತಿಂಗಳು ಬರೆಸುವಾಗ ಅದೇ ಚೀಟಿ ಬೇಕಾಗುತ್ತದೆ. ಮಕ್ಕಳಿಗೂ ತಮ್ಮ ಮಾತು ದಂಡವಾಗಲಿಲ್ಲ ಎಂದು ಸಮಾಧಾನ. ಮಾರ್ಕೆಟ್ ಹತ್ತಿರದ ಮಾವನ ಚೀಟಿಯೂ ಅದೇ ಗೋಡೆಗೆ.

ಅಜ್ಜಿಯ ಮಂಡಿ ನೋವನ್ನು ನಾನು ಬೇಕೆಂದೇ ಸೇರಿಸಿದ್ದೇನೆ. ಹಾಗೇ ಇಟ್ಟರೆ ಅದು ಹೊರಗಿನದೇ. ಆದರೆ ಯಾರೋ ಒಬ್ಬಳು ಹೇಳಬಹುದು, 'ಅಜ್ಜಿಗೆ ಮಂಡಿ ನೋವು ಇದ್ದರೂ ಕೂತುಕೊಂಡು ಸೊಪ್ಪು ಬಿಡಿಸುತ್ತಾರೆ ಮಿಸ್.' ಈಗ ಅದು ಒಳಗೆ ಬಂತು. ಬಂದದ್ದಷ್ಟೇ ಅಲ್ಲ, ಇಡೀ ಪ್ಯಾರಾದಲ್ಲಿ ಎಲ್ಲಕ್ಕಿಂತ ಗಟ್ಟಿ ಸಾಲು ಅದೇ ಆಯಿತು. ನೋವಿರುವ ಅಜ್ಜಿಗೂ ಬಿಡುವಿಲ್ಲ ಅಂದ ಮೇಲೆ 'ಯಾರಿಗೂ ಪುರುಸೊತ್ತಿಲ್ಲ' ಅನ್ನುವುದಕ್ಕೆ ಇನ್ನೇನು ಬೇಕು? ಯಾರೂ ಹೇಳದಿದ್ದರೆ ನೀವೇ ಕೇಳಿ, 'ಅಜ್ಜಿ ಆ ದಿನಗಳಲ್ಲಿ ಸುಮ್ನೆ ಕೂತಿರುತ್ತಾರಾ?' ವಿಷಯಕ್ಕೆ ಕಟ್ಟಿದರೆ ವಿವರ, ಕಟ್ಟದಿದ್ದರೆ ಬಿಡಿ ಮಾತು. ಇದು ಮಕ್ಕಳಿಗೆ ಗೊತ್ತಾಗಲು ಈ ಒಂದು ಚೀಟಿ ಸಾಕು.

ಮಳೆಯ ಸದ್ದಿನ ಚೀಟಿ ಕಷ್ಟದ್ದು. ಸಾಲು ಚೆನ್ನಾಗಿದೆ, ಬಿಡಲು ಮನಸ್ಸು ಬರುವುದಿಲ್ಲ. ಅದನ್ನು ಅಮ್ಮನ ಚೀಟಿಯ ಕೆಳಗೆ ಇಟ್ಟು ನೋಡಲಿ. 'ಅಮ್ಮ ಮತ್ತು ದೊಡ್ಡಮ್ಮ ರಾತ್ರಿಯೂ ಎದ್ದು ಸೊಪ್ಪು ಹಾಕುತ್ತಾರೆ. ಹುಳು ತಿನ್ನುವಾಗ ಮಳೆ ಬಂದ ಹಾಗೆ ಸದ್ದು ಕೇಳುತ್ತದೆ.' ಸೊಪ್ಪು ಎಷ್ಟು ಬೇಗ ಖಾಲಿಯಾಗುತ್ತದೆ ಎಂದು ಅದು ತೋರಿಸುತ್ತದೆ, ಹಾಗಾಗಿ ನಡೆಯುತ್ತದೆ. ಒಂದು ಗುಂಪು ಬೇಡ ಎಂದರೆ ಅದೂ ಸರಿಯೇ. ಎರಡಕ್ಕೂ ಕಾರಣ ಕೇಳಿ, ತೀರ್ಪು ಕೊಡಬೇಡಿ.

ಮೂರು ವಿವರ ಸಾಕು ಎಂದು ಮೊದಲೇ ಹೇಳಿಬಿಡಿ. ಐದು, ಆರು ಎಂದರೆ ಮತ್ತೆ ಪಟ್ಟಿ ಆಗುತ್ತದೆ. ಆದರೆ ಒಂದೊಂದು ವಿವರಕ್ಕೂ ಬೆನ್ನಿಗೆ ಇನ್ನೊಂದು ಮಾತು ಬರಲಿ. 'ಅಪ್ಪ ಬೆಳಗಾಗುವ ಮೊದಲೇ ಸೊಪ್ಪು ಕಡಿಯುತ್ತಾರೆ' ಅಂದಿದ್ದಾನೆ. 'ನಾವು ನೋಡಿಲ್ಲವಲ್ಲ, ಕಾಣುವ ಹಾಗೆ ಇನ್ನೊಂದು ಮಾತು ಹೇಳು' ಅನ್ನಿ. 'ಮೂರು ಹೊರೆ ತರುವಷ್ಟರಲ್ಲಿ ಶರ್ಟೆಲ್ಲ ಬೆವರು' ಅನ್ನುತ್ತಾನೆ. ಮೂರು ವಿವರ, ಪ್ರತಿಯೊಂದರ ಬೆನ್ನಿಗೆ ಒಂದು ಸಾಲು, ಹಿಂದೆ ಮುಂದೆ ಒಂದೊಂದು. ಎಂಟು ಸಾಲು ತಾನಾಗೇ ಆಯಿತು. ತಡವಾಗಿ ಬರೆಯುವ ಮಗುವಿಗೆ ಬೆನ್ನಿನ ಸಾಲು ಒಂದೇ ಇದ್ದರೂ ಪರವಾಗಿಲ್ಲ, ಆರು ಸಾಲಿಗೆ ಅದರ ಪ್ಯಾರಾ ಮುಗಿಯುತ್ತದೆ.

ಮೂರನೇ ದಿನ ಎಲ್ಲರೂ ಸೇರಿ ಕಟ್ಟುವಾಗ ಕ್ರಮ ಮೊದಲು ಬರುತ್ತದೆ. ಈ ವಿಷಯಕ್ಕೆ ಹೊತ್ತಿನ ಕ್ರಮ ಹೊಂದುತ್ತದೆ: ಬೆಳಿಗ್ಗೆ ಅಪ್ಪ, ಸಂಜೆ ನಾನು, ರಾತ್ರಿ ಅಮ್ಮ. ಮಕ್ಕಳು ಚೀಟಿಗಳನ್ನು ಸಾಲಾಗಿ ಇಟ್ಟ ಮೇಲೆ ನೀವು ಬೋರ್ಡಿನ ಮೇಲೆ ಬರೆಯುತ್ತಾ ಹೋಗಿ. ಮೊದಲ ಸಾಲನ್ನು ಎರಡು ಬೆರಳು ಒಳಗಿನಿಂದ ಶುರು ಮಾಡಿ. ಪೂರ್ಣವಿರಾಮ ಇಟ್ಟ ಕೂಡಲೇ ಅದೇ ಸಾಲಿನಲ್ಲಿ ಮುಂದಿನ ವಾಕ್ಯ. ಇದನ್ನು ಮಾಡುವಾಗ ಬಾಯಲ್ಲಿ ಹೇಳಿಕೊಂಡೇ ಮಾಡಿ, 'ಚುಕ್ಕೆ ಇಟ್ಟೆ, ಕೆಳಗೆ ಹೋಗಲ್ಲ, ಪಕ್ಕದಲ್ಲೇ ಬರೀತೀನಿ.' ನಂಬರ್ ಹಾಕುವ ಅಭ್ಯಾಸ ಬೈದರೆ ಹೋಗುವುದಿಲ್ಲ. ನೀವು ಬರೆಯುವುದನ್ನು ನೋಡಿ ನೋಡಿ ಹೋಗುತ್ತದೆ.

ಸಾಲುಗಳನ್ನು ಕೂಡಿಸುವಾಗ ಎರಡು ಕಡೆ ಎಡವುತ್ತಾರೆ. ಒಂದು, ಎಲ್ಲ ವಾಕ್ಯವೂ 'ಆಮೇಲೆ' ಎಂದು ಶುರುವಾಗುವುದು. ಅದಕ್ಕೆ ಹೊತ್ತಿನ ಪದಗಳನ್ನೇ ಕೊಡಿ: ಬೆಳಗಾಗುವ ಮೊದಲೇ, ಸಂಜೆ, ರಾತ್ರಿ, ಅಷ್ಟರಲ್ಲಿ. ಬೋರ್ಡಿನ ಬಲಗಡೆ ಬರೆದಿಟ್ಟರೆ ಬೇಕಾದದ್ದನ್ನು ಆರಿಸಿಕೊಳ್ಳುತ್ತಾರೆ. ಎರಡು, 'ಹೋಗಿ, ಕಡಿದು, ತಂದು' ಅನ್ನುವ ರೂಪಗಳು. ಬೇರೆ ಬೇರೆ ವಾಕ್ಯ ಇದ್ದದ್ದನ್ನು ಒಂದು ಮಾಡಲು ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. 'ಅಪ್ಪ ತೋಟಕ್ಕೆ ಹೋಗುತ್ತಾರೆ. ಅಪ್ಪ ಸೊಪ್ಪು ಕಡಿಯುತ್ತಾರೆ. ಅಪ್ಪ ಹೊತ್ತು ತರುತ್ತಾರೆ' ಅನ್ನುವುದು 'ಅಪ್ಪ ತೋಟಕ್ಕೆ ಹೋಗಿ, ಸೊಪ್ಪು ಕಡಿದು, ಹೊತ್ತು ತರುತ್ತಾರೆ' ಎಂದಾಗ ಮೂರು ಅಪ್ಪಂದಿರು ಒಬ್ಬರಾಗುತ್ತಾರೆ. ಆದರೆ ಇದರ ರುಚಿ ಹತ್ತಿದ ಮೇಲೆ ಮಕ್ಕಳು 'ಅಪ್ಪ ಸೊಪ್ಪು ಕಡಿದು ಅಮ್ಮ ಹುಳುವಿಗೆ ಹಾಕುತ್ತಾರೆ' ಎಂದೂ ಬರೆಯುತ್ತಾರೆ. ಕಡಿದವರು ಒಬ್ಬರು, ಹಾಕಿದವರು ಇನ್ನೊಬ್ಬರು. ಕೆಲಸ ಮಾಡುವವರು ಬದಲಾದರೆ ಚುಕ್ಕೆ ಇಟ್ಟು ಹೊಸ ವಾಕ್ಯ ಶುರು ಮಾಡಬೇಕು. ಇಷ್ಟು ಹೇಳಿದರೆ ಸಾಕು, ವ್ಯಾಕರಣದ ಹೆಸರು ಬೇಡ.

ಇನ್ನು ಕೊನೆಯ ಸಾಲು. ಹೇಳಿಕೊಡದಿದ್ದರೆ ಇಪ್ಪತ್ತರಲ್ಲಿ ಬಹುಪಾಲು ಮಕ್ಕಳು 'ಆದ್ದರಿಂದ ರೇಷ್ಮೆ ಹುಳು ನಮಗೆ ಬಹಳ ಮುಖ್ಯ' ಅಥವಾ 'ನನಗೆ ರೇಷ್ಮೆ ಹುಳು ಎಂದರೆ ತುಂಬಾ ಇಷ್ಟ' ಎಂದು ಮುಗಿಸುತ್ತಾರೆ. ಹಸು, ನವಿಲು, ಗಾಂಧೀಜಿ, ಎಲ್ಲಕ್ಕೂ ಅದೇ ಕೊನೆ. ಇನ್ನು ಕೆಲವರು ಮೊದಲ ಸಾಲನ್ನೇ ನಕಲು ಮಾಡುತ್ತಾರೆ. ಮತ್ತೆ ಕೆಲವರು ಕೊನೆಗೆ ಹೊಸ ಮಾತು ತೆಗೆಯುತ್ತಾರೆ: 'ಹುಳು ಮನೆಯಲ್ಲಿ ಸೊಳ್ಳೆ ಬತ್ತಿ ಹಚ್ಚಬಾರದು.' ಮಾತು ನಿಜವೇ, ಆದರೆ ಮುಗಿಯಬೇಕಾದ ಜಾಗದಲ್ಲಿ ಹೊಸದಾಗಿ ಶುರುವಾಯಿತು.

'ಮುಕ್ತಾಯದ ವಾಕ್ಯ ಬರೆಯಿರಿ' ಅನ್ನುವ ಬದಲು ಒಂದು ಪ್ರಶ್ನೆ ಕೇಳಿ: 'ಇದೆಲ್ಲ ಯಾವಾಗ ನಿಲ್ಲುತ್ತೆ? ಆಗ ಏನು ಮಾಡ್ತೀರಿ?' ಓಡಾಟದ ಬಗ್ಗೆ ಬರೆದ ಪ್ಯಾರಾಕ್ಕೆ ಓಡಾಟ ನಿಂತ ಹೊತ್ತು ಒಳ್ಳೆಯ ಕೊನೆ. ಹುಳು ಹಣ್ಣಾದ ಮೇಲೆ ಆರಿಸಿ ಚಂದ್ರಂಕಿಗೆ ಬಿಡುತ್ತಾರೆ, ಅದು ಗೂಡು ಕಟ್ಟಲು ಶುರು ಮಾಡುತ್ತದೆ, ಅಲ್ಲಿಂದ ಸೊಪ್ಪಿನ ಕೆಲಸ ಇಲ್ಲ. ಮಕ್ಕಳು ಆ ರಾತ್ರಿಯ ಬಗ್ಗೆ ಏನಾದರೊಂದು ಹೇಳೇ ಹೇಳುತ್ತಾರೆ. ಬೇರೆ ವಿಷಯಕ್ಕೆ ಪ್ರಶ್ನೆಯೂ ಬೇರೆ. ಬಿಸಿಯೂಟದ ಪ್ಯಾರಾಕ್ಕೆ 'ತಟ್ಟೆ ತೊಳೆದಿಟ್ಟ ಮೇಲೆ ಶಾಲೆ ಹೇಗಿರುತ್ತೆ?' ಎಂದು ಕೇಳಬಹುದು. ಸಾಲು ಸರಿಯಾಗಿದೆಯೇ ಎಂದು ನೋಡಲು ಮಧ್ಯದ ಸಾಲುಗಳನ್ನು ಕೈಯಿಂದ ಮುಚ್ಚಿ, ಮೊದಲನೆಯದನ್ನೂ ಕೊನೆಯದನ್ನೂ ಮಾತ್ರ ಓದಿಸಿ. ಎರಡೂ ಒಂದೇ ಮಾತಿನ ಬಗ್ಗೆ ಇರಬೇಕು, ಆದರೆ ಒಂದೇ ಮಾತಾಗಿರಬಾರದು.

ಮೂರನೇ ದಿನ ಮುಗಿಯುವಾಗ ನಿಮ್ಮ ಬೋರ್ಡಿನ ಮೇಲೆ ಹೆಚ್ಚು ಕಡಿಮೆ ಹೀಗೊಂದು ಪ್ಯಾರಾ ಇರುತ್ತದೆ:

ನಾಲ್ಕನೇ ಜ್ವರ ಎದ್ದ ಮೇಲೆ ನಮ್ಮ ಮನೆಯಲ್ಲಿ ಯಾರಿಗೂ ಪುರುಸೊತ್ತು ಇರುವುದಿಲ್ಲ. ಬೆಳಗಾಗುವ ಮೊದಲೇ ಅಪ್ಪ ತೋಟಕ್ಕೆ ಹೋಗಿ, ಸೊಪ್ಪು ಕಡಿದು ತರುತ್ತಾರೆ. ಮೂರು ಹೊರೆ ತರುವಷ್ಟರಲ್ಲಿ ಅವರ ಶರ್ಟೆಲ್ಲ ಬೆವರಿನಿಂದ ಒದ್ದೆಯಾಗುತ್ತದೆ. ಅಜ್ಜಿಗೆ ಮಂಡಿ ನೋವು, ಆದರೂ ಕೂತುಕೊಂಡು ಸೊಪ್ಪು ಬಿಡಿಸುತ್ತಾರೆ. ಸಂಜೆ ನಾನು ಸ್ಕೂಲಿನಿಂದ ಬಂದು ತಂಗಿಯನ್ನು ನೋಡಿಕೊಳ್ಳುತ್ತೇನೆ. ಅಮ್ಮ ಮತ್ತು ದೊಡ್ಡಮ್ಮ ರಾತ್ರಿಯೂ ಎದ್ದು ಹುಳುವಿಗೆ ಸೊಪ್ಪು ಹಾಕುತ್ತಾರೆ. ಹಾಕಿದ ಸ್ವಲ್ಪ ಹೊತ್ತಿಗೇ ಸೊಪ್ಪು ಖಾಲಿಯಾಗಿ ಬರೀ ಕಡ್ಡಿ ಉಳಿಯುತ್ತದೆ. ಹುಳು ಎಲ್ಲ ಚಂದ್ರಂಕಿಗೆ ಹೋದ ಮೇಲೆಯೇ ನಾವು ಎಲ್ಲರೂ ಒಟ್ಟಿಗೆ ಕೂತು ಊಟ ಮಾಡುವುದು.

ಇದನ್ನು ಮಕ್ಕಳು ನೋಟ್‌ಬುಕ್‌ಗೆ ಇಳಿಸಿಕೊಳ್ಳುವುದು ಬೇಡ. ಮೂರನೇ ದಿನದ ಕೊನೆಗೆ ಎರಡು ಸಲ ಓದಿಸಿ, ಬೋರ್ಡು ಒರೆಸಿಬಿಡಿ. ಇಟ್ಟುಕೊಂಡರೆ ನಾಲ್ಕನೇ ದಿನ 20 ನೋಟ್‌ಬುಕ್‌ನಲ್ಲೂ ಇದೇ ಅಜ್ಜಿ, ಇದೇ ಮಂಡಿ ನೋವು. ಉಳಿಯಬೇಕಾದದ್ದು ಹೊತ್ತಿನ ಪದಗಳ ಪಟ್ಟಿ ಮತ್ತು ಗೋಡೆಯ ಚೀಟಿಗಳು ಮಾತ್ರ. ಅವರು ಕಷ್ಟದ ಪದ ಕೇಳಿದರೆ ಬೋರ್ಡಿನ ಮೇಲೆ ಬರೆದುಕೊಡಿ. ಪುರುಸೊತ್ತು, ಚಂದ್ರಂಕಿ ಬರೆಯಲು ಬರುವುದಿಲ್ಲ ಎಂದು ಆ ಮಾತನ್ನೇ ಬಿಟ್ಟುಬಿಡಬಾರದು.

ನಾಲ್ಕನೇ ದಿನ ಪ್ರತಿ ಮಗು ತನ್ನ ಮೊದಲ ಸಾಲನ್ನು ಬರೆದು, ಪಕ್ಕದವರಿಗೆ ಓದಿ, 'ಹೇಗೆ?' ಅಥವಾ 'ಯಾಕೆ?' ಎಂದು ಕೇಳಿಸಿಕೊಂಡ ಮೇಲೆ ಮುಂದುವರಿಯಲಿ. 20 ನಿಮಿಷ ಬರೆಯುವುದಕ್ಕೆ. ಉಳಿದದ್ದು ಜೋಡಿಯಲ್ಲಿ ಓದುವುದಕ್ಕೆ. ಓದಿದಾಗ ಕೇಳುವವರು ಒಂದೇ ಕೆಲಸ ಮಾಡಬೇಕು: ಮೊದಲ ಸಾಲಿನ ಪ್ರಶ್ನೆಗೆ ಉತ್ತರ ಕೊಡದ ಸಾಲು ಇದ್ದರೆ ಕೈ ಎತ್ತಬೇಕು. ಮಕ್ಕಳು ಇದರಲ್ಲಿ ನಮಗಿಂತ ಚುರುಕು.

ತಿದ್ದುವ ವಿಷಯ. ಮೊದಲ ಸುತ್ತಿನಲ್ಲಿ ಕೆಂಪು ಪೆನ್ನು ಮುಟ್ಟಬೇಡಿ, ಪೆನ್ಸಿಲ್ ಹಿಡಿಯಿರಿ. ಮೊದಲ ಸಾಲಿನ ಕೆಳಗೆ ಗೆರೆ ಎಳೆಯಿರಿ. ಅದಕ್ಕೆ ಉತ್ತರ ಕೊಡುವ ಪ್ರತಿ ಸಾಲಿನ ಪಕ್ಕ ಒಂದು ಸಣ್ಣ ಟಿಕ್ ಹಾಕಿ. ಇನ್ನೂ ಕೇಳಬೇಕು ಅನ್ನಿಸಿದ ಕಡೆ ಅಂಚಿನಲ್ಲಿ ಒಂದು ಪ್ರಶ್ನೆ ಬರೆಯಿರಿ, 'ತಂಗಿ ಅತ್ತರೆ ಏನು ಮಾಡ್ತೀಯ?' ಅನ್ನುವ ಥರ. ಟಿಕ್ ಇಲ್ಲದ ಸಾಲನ್ನು ನೀವು ಹೊಡೆದುಹಾಕಬೇಡಿ. ಬಿಡಬೇಕೋ, ಅಜ್ಜಿಯ ಸಾಲಿನ ಹಾಗೆ ಕಟ್ಟಬೇಕೋ ಎಂದು ಮಗುವೇ ನೋಡಲಿ.

'ಐತೆ', 'ಬತ್ತಾರೆ' ಎಂದು ಬರೆದಿದ್ದರೆ, ಒತ್ತಕ್ಷರ ತಪ್ಪಿದ್ದರೆ ಅದು ಎರಡನೇ ಸುತ್ತಿಗೆ. ಆಗಲೂ ಒಂದು ನೋಟ್‌ಬುಕ್‌ಗೆ ಒಂದೇ ಬಗೆಯ ತಪ್ಪನ್ನು ಹಿಡಿಯಿರಿ. ಈ ಮಗುವಿಗೆ ಒತ್ತಕ್ಷರ, ಆ ಮಗುವಿಗೆ 'ಐತೆ'ಯನ್ನು 'ಇದೆ' ಮಾಡುವುದು. ಅಮ್ಮನಿಗೆ ಒಂದು ಸಾಲಿನಲ್ಲಿ 'ಹಾಕುತ್ತಾಳೆ', ಇನ್ನೊಂದರಲ್ಲಿ 'ಹಾಕುತ್ತಾರೆ' ಎಂದು ಬರೆದಿದ್ದರೆ, ಯಾವುದಾದರೂ ಒಂದನ್ನು ಉಳಿಸಿಕೊ ಎಂದು ಹೇಳಿ. ಎರಡೂ ಕನ್ನಡವೇ, ಒಂದೇ ಪ್ಯಾರಾದಲ್ಲಿ ಬೆರೆಸಬಾರದು ಅಷ್ಟೇ.

ಎಲ್ಲ ಮಕ್ಕಳೂ ಒಂದೇ ವಾರದಲ್ಲಿ ಎಂಟು ಸಾಲಿಗೆ ಬರುವುದಿಲ್ಲ. ಇನ್ನೂ ವಾಕ್ಯವನ್ನೇ ಕೂಡಿಸಿ ಓದುವ ನಾಲ್ಕೈದು ಮಕ್ಕಳು ನಿಮ್ಮಲ್ಲೂ ಇರಬಹುದು. ಅವರಿಗೆ ಮೊದಲ ಸಾಲು ಮತ್ತು ಕೊನೆಯ ಸಾಲನ್ನು ಅವರ ಬಾಯಿಂದಲೇ ಕೇಳಿ ನೀವು ಬರೆದುಕೊಡಿ. ಮಧ್ಯದ ಮೂರು ಸಾಲು ಅವರು ಬರೆಯಲಿ. ಎರಡನೇ ವಿಷಯಕ್ಕೆ ಬಂದಾಗ ಕೊನೆಯ ಸಾಲನ್ನು ಅವರಿಗೆ ಬಿಡಿ, ಮೂರನೇ ವಿಷಯಕ್ಕೆ ಮೊದಲ ಸಾಲನ್ನೂ ಬಿಡಿ. ತಿಂಗಳಿಗೆ ಒಂದು ವಿಷಯ ಎಂದರೂ ಬೇಸಿಗೆ ರಜೆಯ ಹೊತ್ತಿಗೆ ಸಮಯ ಬೇಕಾದಷ್ಟು ಇದೆ. ಪರೀಕ್ಷೆಯಲ್ಲಿ 'ಹತ್ತು ವಾಕ್ಯ ಬರೆಯಿರಿ' ಎಂದೇ ಕೇಳಿದರೆ, ಇದೇ ರೀತಿ ಬರೆದು ಎಂಟಕ್ಕೆ ಇನ್ನೆರಡು ಬೆನ್ನಿನ ಸಾಲು ಸೇರಿಸಲು ಹೇಳಿಕೊಡಿ. ನಂಬರ್ ಹಾಕಲೇಬೇಕು ಎಂದು ಪ್ರಶ್ನೆಪತ್ರಿಕೆ ಹೇಳಿದರೆ ಮಾತ್ರ ಹಾಕಲಿ.